ಹದಿನೈದು ಡಿಗ್ರಿ ಗಾಳಿಯಿಂದ ಐವತ್ತೈದು ಡಿಗ್ರಿ ನೀರು ಹೇಗೆ?

ಪ್ರಶ್ನೆ: ಕೋಲಾರದಲ್ಲಿ ಜನವರಿಯ ಬೆಳಗ್ಗೆ ಗಾಳಿ ಹದಿನೈದು ಡಿಗ್ರಿಗೆ ಇಳಿದಿರುತ್ತದೆ. ಅಂಥ ತಣ್ಣನೆಯ ಗಾಳಿಯಿಂದಲೇ ಶಾಖ ಪಡೆದು, ರಾಡ್‌ಗಿಂತ ಕಡಿಮೆ ಕರೆಂಟಿನಲ್ಲಿ ಹೀಟ್ ಪಂಪ್ ನೀರು ಕಾಯಿಸುತ್ತದೆ ಎಂದರೆ ನಂಬುವುದು ಹೇಗೆ?

ಉತ್ತರ: ಫ್ರಿಜ್‌ನಿಂದ ತೆಗೆದ ಸ್ಟೀಲ್ ಚೊಂಬನ್ನು ಅದೇ ಬೆಳಗ್ಗೆ ಜಗಲಿಯ ಮೇಲಿಟ್ಟರೆ ಅದು ನಿಧಾನವಾಗಿ ಬೆಚ್ಚಗಾಗುತ್ತದೆ. ನಮಗೆ ಚಳಿಯೆನಿಸುವ ಗಾಳಿಯೂ ತನಗಿಂತ ತಣ್ಣಗಿರುವ ವಸ್ತುವಿಗೆ ಶಾಖ ಕೊಡುತ್ತದೆ. ಹೀಟ್ ಪಂಪ್ ಮಾಡುವುದು ಅಂಥ ತಣ್ಣನೆಯ ವಸ್ತುವನ್ನು ಸತತವಾಗಿ ಒದಗಿಸುವ ಕೆಲಸ.

ಯಂತ್ರದ ಕೊಳವೆಗಳಲ್ಲಿ ಶೈತ್ಯಕಾರಕ ದ್ರವವೊಂದು ಸುತ್ತುತ್ತಿರುತ್ತದೆ. ಹಲವು ಮಾದರಿಗಳಲ್ಲಿ ಬಳಸುವ ಆರ್-134ಎ ಸುಮಾರು ಮೂರೂವರೆ ಬಾರ್ ಒತ್ತಡದಲ್ಲಿ ಐದು ಡಿಗ್ರಿಗೇ ಕುದಿಯುತ್ತದೆ. ಆದ್ದರಿಂದ ಫ್ಯಾನ್ ತಳ್ಳುವ ಹದಿನೈದು ಡಿಗ್ರಿ ಗಾಳಿ ಅದನ್ನು ಕುದಿಸಿ ಆವಿಯಾಗಿಸಲು ಸಾಕು. ಆ ಆವಿಯನ್ನು ಕಂಪ್ರೆಸರ್ ಸುಮಾರು ಹದಿನೇಳು ಬಾರ್‌ಗೆ ಒತ್ತಿದಾಗ ಅದು ಬಿಸಿಯೇರುತ್ತದೆ, ಮತ್ತು ಆ ಒತ್ತಡದಲ್ಲಿ ಅರವತ್ತು ಡಿಗ್ರಿಯಲ್ಲಿ ಮತ್ತೆ ದ್ರವವಾಗುತ್ತ, ಗಾಳಿಯಿಂದ ಪಡೆದ ಶಾಖವನ್ನೂ ಕಂಪ್ರೆಸರ್‌ನ ಶ್ರಮವನ್ನೂ ಟ್ಯಾಂಕಿನ ನೀರಿಗೆ ಬಿಟ್ಟುಕೊಡುತ್ತದೆ. ಬಳಿಕ ಕಿರಿದಾದ ಕವಾಟದಲ್ಲಿ ನುಸುಳಿ, ಒತ್ತಡ ಕಳೆದುಕೊಂಡು, ತಣ್ಣಗಾಗಿ ಗಾಳಿಯ ಕಡೆಗೆ ಮರಳುತ್ತದೆ.

ಲೆಕ್ಕ ಹೀಗಿದೆ. 200 ಲೀಟರ್ ನೀರನ್ನು 20ರಿಂದ 55 ಡಿಗ್ರಿಗೆ ಏರಿಸಲು ಸುಮಾರು 8 ಯೂನಿಟ್ ಶಾಖ ಬೇಕು. ರಾಡ್ ತಾನು ಸೆಳೆದ ವಿದ್ಯುತ್ತನ್ನಷ್ಟೇ ಶಾಖವಾಗಿಸುವುದರಿಂದ ಎಂಟೂ ಯೂನಿಟ್ ಮೀಟರಿನಿಂದಲೇ ಬರಬೇಕು. ಒಂದಕ್ಕೆ ಮೂರರ ಅನುಪಾತದಲ್ಲಿ ಓಡುವ ಹೀಟ್ ಪಂಪ್‌ಗೆ 2.7 ಯೂನಿಟ್ ಸಾಕು, ಉಳಿದ 5.3 ಗಾಳಿಯದು. ಇದನ್ನೇ ಜಾಹೀರಾತುಗಳಲ್ಲಿ ‘ಶೇಕಡಾ 300 ದಕ್ಷತೆ’ ಎಂದು ಬರೆಯುವುದು ಓದುಗರನ್ನು ದಾರಿ ತಪ್ಪಿಸುತ್ತದೆ, ಏಕೆಂದರೆ ಇಲ್ಲಿ ಶಾಖ ಹುಟ್ಟುವುದಕ್ಕಿಂತ ಸಾಗುವುದೇ ಹೆಚ್ಚು.

ಗಾಳಿ ತಣ್ಣಗಾದಷ್ಟೂ, ನೀರಿನ ಗುರಿ ಏರಿದಷ್ಟೂ ಕಂಪ್ರೆಸರ್ ಹೆಚ್ಚು ಒತ್ತಬೇಕಾಗುತ್ತದೆ, ಅನುಪಾತ ಕುಸಿಯುತ್ತದೆ. ಆದ್ದರಿಂದ ಸಾಧ್ಯವಾದರೆ ಮುಂಜಾನೆಯ ಬದಲು ಮಧ್ಯಾಹ್ನ ಓಡಿಸಿ, ನೀರನ್ನು ಟ್ಯಾಂಕಿನಲ್ಲಿಯೇ ಉಳಿಸಿಕೊಳ್ಳುವುದು ಲಾಭ. ಯಂತ್ರವನ್ನು ಮುಚ್ಚಿದ ಸಣ್ಣ ಸ್ನಾನದ ಕೋಣೆಯಲ್ಲಿ ಕೂರಿಸಿದರೆ, ಅದು ತಾನೇ ಊದಿದ ತಂಪು ಗಾಳಿಯನ್ನು ಮತ್ತೆ ಎಳೆದುಕೊಳ್ಳುತ್ತದೆ. ಬಿಸಿಯಾಗಲು ಬೇಸಿಗೆಯಲ್ಲೂ ಹೊತ್ತು ಹಿಡಿಯುತ್ತಿದ್ದರೆ ಮೊದಲು ಈ ಕಾರಣವನ್ನೇ ಶಂಕಿಸಬೇಕು.

ಇನ್ನೊಂದು ವಿಷಯ ಬಿಲ್ ಬಂದ ಮೇಲಷ್ಟೇ ಗಮನಕ್ಕೆ ಬರುತ್ತದೆ. ಹಲವು ಟ್ಯಾಂಕುಗಳೊಳಗೆ ನೆರವಿಗೆಂದು ರಾಡ್ ಕೂಡ ಇರುತ್ತದೆ. ಗುರಿಯನ್ನು ತೀರಾ ಮೇಲಿಟ್ಟರೆ ಅಥವಾ ‘ವೇಗ’ದ ಸ್ಥಿತಿಯನ್ನು ಆರಿಸಿದರೆ ಅದು ಸದ್ದಿಲ್ಲದೆ ಹೊತ್ತಿಕೊಳ್ಳುತ್ತದೆ. ಫ್ಯಾನ್ ಸದ್ದು ಇರುವಾಗಲೇ ಮೀಟರಿನ ಓಟ ಒಮ್ಮೆಲೇ ಎರಡು ಮೂರು ಪಟ್ಟಾದರೆ ಬಹುಶಃ ಆ ರಾಡ್ ಕೂಡ ಹೊತ್ತಿಕೊಂಡಿದೆ.