ಇಂಡಕ್ಷನ್ ಒಲೆಯಲ್ಲಿ 300 ವ್ಯಾಟ್‌ಗೆ ಇಟ್ಟರೂ ಹಾಲು ತಳ ಹಿಡಿಯುವುದೇಕೆ?

ಓದುಗರ ಪ್ರಶ್ನೆ: ನಮ್ಮದು ಚಿಕ್ಕಮಗಳೂರು. ಮಳೆಗಾಲದಲ್ಲಿ ಸಿಲಿಂಡರ್ ಬರುವುದು ತಡವಾಗುತ್ತದೆಂದು 2000 ವ್ಯಾಟ್‌ನ ಇಂಡಕ್ಷನ್ ಒಲೆ ತಂದೆವು. ನೀರು ಬೇಗ ಕಾಯುತ್ತದೆ, ಅನ್ನವೂ ಚೆನ್ನಾಗಿ ಆಗುತ್ತದೆ. ಹಾಲು ಮಾತ್ರ 300ಕ್ಕೆ ಇಟ್ಟರೂ ತಳ ಹಿಡಿದು ಕಾಫಿಗೆಲ್ಲ ಸೀದ ವಾಸನೆ ಬರುತ್ತದೆ. ಇದೇ ಸ್ಟೀಲ್ ಪಾತ್ರೆಯಲ್ಲಿ ಗ್ಯಾಸಿನ ಮೇಲೆ ಹೀಗೆ ಆಗುತ್ತಿರಲಿಲ್ಲ. ಎಷ್ಟಕ್ಕೆ ಇಡಬೇಕು, ಯಾವ ಪಾತ್ರೆ ಬೇಕು? ಹುಳಿ ಕುದಿಸುವುದಕ್ಕೆ, ಹಪ್ಪಳ ಕರಿಯುವುದಕ್ಕೆ ಯಾವ ಲೆಕ್ಕ?

ಉತ್ತರ: ಮೊದಲು ಸೀದ ಪಾತ್ರೆಯ ತಳವನ್ನೇ ನೋಡಿ. ಕಂದು ಕಲೆ ಬಳೆಯ ಹಾಗೆ ದುಂಡಗಿದ್ದು ನಡುವೆ ತಳ ಸ್ವಚ್ಛವಾಗಿದ್ದರೆ, ತಪ್ಪು ನೀವಿಟ್ಟ ಅಂಕಿಯದಕ್ಕಿಂತ ಪಾತ್ರೆಯದು. ಗಾಜಿನ ಕೆಳಗಿರುವ ತಾಮ್ರದ ಸುರುಳಿ ಬಳೆಯ ಆಕಾರದಲ್ಲಿದೆ. ಅದು ಗಾಜನ್ನು ಕಾಯಿಸುವುದಿಲ್ಲ, ತನ್ನ ನೇರ ಮೇಲಿರುವ ಲೋಹದಲ್ಲೇ ಶಾಖ ಹುಟ್ಟಿಸುತ್ತದೆ. ಹಾಗಾಗಿ ಸುರುಳಿಯ ಮೇಲಿನ ಪಟ್ಟಿ ಮೊದಲು ಕಾಯುತ್ತದೆ, ನಡು ಮತ್ತು ಅಂಚು ಆಮೇಲೆ. ಆ ಶಾಖ ಪಕ್ಕಕ್ಕೆ ಬೇಗ ಹರಿದರೆ ತೊಂದರೆಯಿಲ್ಲ. ಆದರೆ ಸ್ಟೀಲು ಶಾಖವನ್ನು ಹರಡುವುದರಲ್ಲಿ ಬಹಳ ನಿಧಾನ. ಅಲ್ಯೂಮಿನಿಯಂ ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಚುರುಕು. ತೆಳು ಸ್ಟೀಲ್ ತಳದಲ್ಲಿ ಹುಟ್ಟಿದ ಶಾಖ ಹುಟ್ಟಿದ ಜಾಗದಲ್ಲೇ ಉಳಿದು, ಅಲ್ಲಿ ಮೇಲಿರುವ ಹಾಲಿಗೆ ಏಟು ಕೊಡುತ್ತದೆ.

300ಕ್ಕೆ ಇಟ್ಟರೂ ಸೀಯುವುದಕ್ಕೆ ಇನ್ನೊಂದು ಕಾರಣವಿದೆ, ಇದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಸಾಧಾರಣ ಬೆಲೆಯ ಬಹುಪಾಲು ಒಲೆಗಳು ನಿಜವಾಗಿ 300 ವ್ಯಾಟ್ ಕೊಡಲಾರವು. ಒಳಗಿನ ಎಲೆಕ್ಟ್ರಾನಿಕ್ ಸ್ವಿಚ್ಚು ಅಷ್ಟು ಕಡಿಮೆ ಶಕ್ತಿಯಲ್ಲಿ ಸತತವಾಗಿ ಕೆಲಸ ಮಾಡಿದರೆ ತಾನೇ ಬಿಸಿಯಾಗಿ ಕೆಡುವ ಅಪಾಯವಿರುವುದರಿಂದ, ಒಲೆ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯುವುದಿಲ್ಲ. ಆ ಮಟ್ಟ ಎಷ್ಟೋ ಒಲೆಗಳಲ್ಲಿ 800 ಅಥವಾ 1000 ವ್ಯಾಟ್. ಅದಕ್ಕಿಂತ ಕಡಿಮೆ ಕೇಳಿದರೆ ಹತ್ತಿಸಿ ಆರಿಸಿ ಸರಾಸರಿ ಹೊಂದಿಸುತ್ತದೆ: ಹತ್ತು ಸೆಕೆಂಡಿನಲ್ಲಿ ಮೂರು ಸೆಕೆಂಡು 1000, ಉಳಿದ ಏಳು ಸೆಕೆಂಡು ಸೊನ್ನೆ. ನೀವು ನೋಡುವ ಅಂಕಿ 300, ತಳ ಕಾಣುವುದು 1000. ಗ್ಯಾಸಿನ ಸಣ್ಣ ಉರಿ ಹೀಗಲ್ಲ. ಅದು ನಿಜವಾಗಿಯೂ ಸಣ್ಣದು, ಬಿಡುವಿಲ್ಲದೆ ಒಂದೇ ಸಮ ಇರುತ್ತದೆ. ಅದೇ ಪಾತ್ರೆ ಅಲ್ಲಿ ಸೀಯದೆ ಇಲ್ಲಿ ಸೀಯುವುದು ಇದಕ್ಕೇ.

ನಿಮ್ಮ ಒಲೆಯ ಕೆಳಮಟ್ಟ ಎಷ್ಟೆಂದು ಕಂಡುಹಿಡಿಯುವುದು ಸುಲಭ. ತೆಳು ಸ್ಟೀಲ್ ಪಾತ್ರೆಯಲ್ಲಿ ಒಂದು ಲೀಟರ್ ನೀರನ್ನು ಮರಳುವವರೆಗೆ ಕಾಯಿಸಿ, ಬಳಿಕ 200ಕ್ಕೆ ಇಳಿಸಿ. ನೀರು ಕೆಲವು ಸೆಕೆಂಡು ಗಳಗಳ ಎಂದು ಮತ್ತೆ ಸುಮ್ಮನಾಗುತ್ತ, ಗುಂಯ್ ಎನ್ನುವ ಸದ್ದು ಬಂದು ಹೋಗುತ್ತ ಇದ್ದರೆ ಒಲೆ ಹತ್ತಿ ಆರುತ್ತಿದೆ ಎಂದರ್ಥ. ಒಂದೊಂದೇ ಮೆಟ್ಟಿಲು ಏರಿಸುತ್ತ ಹೋಗಿ. ಕುದಿ ಎಲ್ಲಿ ಬಿಡುವಿಲ್ಲದೆ ನಡೆಯಲು ಶುರುವಾಗುತ್ತದೋ ಅದೇ ನಿಮ್ಮ ಒಲೆಯ ಕೆಳಮಟ್ಟ. ಅದನ್ನು ನೆನಪಿಟ್ಟುಕೊಳ್ಳಿ.

ಇನ್ನು ಹಾಲಿನ ವಿಷಯ. ಹಾಲಿನ ಪ್ರೋಟೀನುಗಳಲ್ಲಿ ಒಂದು ಪಾಲು ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಬಿಚ್ಚಿಕೊಂಡು ಒಂದಕ್ಕೊಂದು ಅಂಟುತ್ತದೆ, ಬಿಸಿ ಲೋಹಕ್ಕೂ ಅಂಟುತ್ತದೆ. ಇದು ಮೊದಲು ಬಿಳಿ ಪೊರೆಯಾಗಿ ಕೂರುತ್ತದೆ. ಪೊರೆ ಕೂತ ಮೇಲೆ ಅದರಡಿಯ ಲೋಹದ ಶಾಖ ಹಾಲಿಗೆ ಸುಲಭವಾಗಿ ಹೋಗಲಾರದು. ಲೋಹ ಇನ್ನಷ್ಟು ಕಾದು ಪೊರೆ ಕಂದಾಗುತ್ತದೆ, ಸೀದ ವಾಸನೆ ಏಳುತ್ತದೆ. ಮೇಲಿನ ಹಾಲು ಇನ್ನೂ ಉಗುರುಬೆಚ್ಚಗಿರುವಾಗಲೇ ತಳದ ಪಟ್ಟಿ 70 ದಾಟಿರಬಹುದು. ಅದಕ್ಕೇ ಹಾಲು ಉಕ್ಕುವ ಮೊದಲೇ ತಳ ಹಿಡಿದಿರುತ್ತದೆ.

ಹೀಗಾಗಿ ಪರಿಹಾರ ಪಾತ್ರೆಯಿಂದಲೇ ಆರಂಭ. ತೆಳು ಸ್ಟೀಲಿನ ಪಾತ್ರೆಗೆ ಹಾಲಿನ ಮಟ್ಟಿಗೆ ಯಾವ ಅಂಕಿಯೂ ಹಿತವಲ್ಲ. ಬೇಕಾದದ್ದು ಸ್ಯಾಂಡ್‌ವಿಚ್ ತಳದ ಪಾತ್ರೆ, ಅಂದರೆ ಎರಡು ಸ್ಟೀಲ್ ಹಾಳೆಗಳ ನಡುವೆ ದಪ್ಪ ಅಲ್ಯೂಮಿನಿಯಂ ಬಿಲ್ಲೆ ಇರುವಂಥದ್ದು, ಅಥವಾ ಅಂಥದೇ ಮೂರು ಪದರ ಬದಿಗಳಿಗೂ ಹಬ್ಬಿರುವ ಟ್ರೈಪ್ಲೈ. ನಡುವಿನ ಅಲ್ಯೂಮಿನಿಯಂ ಬಳೆಯಾಕಾರದ ಶಾಖವನ್ನು ತಳದ ತುಂಬ ಹರಡುತ್ತದೆ, ಹತ್ತಿ ಆರುವ ಏಟನ್ನೂ ಹೀರಿಕೊಂಡು ಸಮ ಮಾಡುತ್ತದೆ. ಕೊಳ್ಳುವಾಗ ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತ ಒಯ್ಯಿರಿ. ತಳದ ನಡುವೆಯೂ ಅಂಚಿನಲ್ಲೂ ಗಟ್ಟಿಯಾಗಿ ಹಿಡಿಯಬೇಕು. ಹೊರಗೆ ತಾಮ್ರ ಬಳಿದ ಸ್ಟೀಲ್ ಪಾತ್ರೆ, ಹಿತ್ತಾಳೆ, ಬರಿ ಅಲ್ಯೂಮಿನಿಯಂ ಇವುಗಳಿಗೆ ಅಯಸ್ಕಾಂತ ಹಿಡಿಯುವುದಿಲ್ಲ, ಸಾಮಾನ್ಯ ಇಂಡಕ್ಷನ್ ಒಲೆ ಅವನ್ನು ಕಾಯಿಸುವುದೂ ಇಲ್ಲ. ತಳದ ಮೇಲೆ ಸ್ಟೀಲ್ ಅಳತೆಪಟ್ಟಿಯನ್ನು ಅಡ್ಡಲಾಗಿಟ್ಟು ನೋಡಿ. ನಡುವೆ ಬೆಳಕು ಕಾಣುವಷ್ಟು ಡೊಂಕಿದ್ದರೆ ಬೇಡ.

ಒಂದು ಲೀಟರ್ ಪ್ಯಾಕೆಟ್ ಹಾಲು, ಫ್ರಿಜ್ಜಿನಿಂದ ತೆಗೆದದ್ದು, ಸುಮಾರು 8 ಡಿಗ್ರಿ ಎಂದುಕೊಳ್ಳೋಣ. ಪಾತ್ರೆ ಎರಡು ಲೀಟರಿನದು, ತಳ ಸುಮಾರು 18 ಸೆಂಟಿಮೀಟರ್ ಅಗಲ. ಪಾತ್ರೆಗೆ ಸ್ವಲ್ಪ ನೀರು ಹಾಕಿ ಗುಲುಕಿಸಿ ಚೆಲ್ಲಿ, ಒರೆಸದೆ ಹಾಲು ಸುರಿಯಿರಿ. ಒದ್ದೆ ತಳ ಸ್ವಲ್ಪ ಸಹಾಯ ಮಾಡುತ್ತದೆ, ಪೂರ್ತಿ ಕಾಪಾಡುತ್ತದೆ ಎಂದು ನಂಬಬೇಡಿ. ಹಾಲು ತಣ್ಣಗಿರುವಾಗ ಹೆಚ್ಚು ಶಾಖ ತಡೆದುಕೊಳ್ಳುತ್ತದೆ, ಆದ್ದರಿಂದ ಮೊದಲ ಮೂರು ನಿಮಿಷ 1000 ವ್ಯಾಟ್. ಅಷ್ಟರಲ್ಲಿ ಹಾಲು 45 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಬೆರಳಿಗೆ ಚೆನ್ನಾಗಿ ಬೆಚ್ಚಗೆನಿಸುತ್ತದೆ. ಆಗ 600ಕ್ಕೆ ಇಳಿಸಿ. ಇಲ್ಲಿಂದ ನಿಮಿಷಕ್ಕೊಮ್ಮೆ ಚಪ್ಪಟೆ ಅಂಚಿನ ಮರದ ಚಮಚದಿಂದ ತಳವನ್ನು ಸವರಿದ ಹಾಗೆ ಕೆದಕಿ. ಮೇಲೆ ಮೇಲೆ ತಿರುಗಿಸಿದರೆ ಪ್ರಯೋಜನವಿಲ್ಲ, ಚಮಚ ಆ ಬಳೆಯ ಜಾಗದಲ್ಲಿ ಓಡಬೇಕು. ಸುಮಾರು ಏಳು ನಿಮಿಷದಲ್ಲಿ ಅಂಚಿನ ಸುತ್ತ ಸಣ್ಣ ಗುಳ್ಳೆ ಸಾಲುಗಟ್ಟಿ, ಹಾಲು ಏಳಲು ನೋಡುತ್ತದೆ. ಪ್ಯಾಕೆಟ್ ಹಾಲಾದರೆ ಆಗಲೇ ಆರಿಸಿ. ದಪ್ಪ ತಳ ತನ್ನ ಬಿಸಿಯಿಂದ ಇನ್ನೂ ಕೆಲ ಸೆಕೆಂಡು ಕಾಯಿಸುತ್ತಲೇ ಇರುತ್ತದೆ, ಆದ್ದರಿಂದ ಉಕ್ಕಿದ ಮೇಲೆ ಆರಿಸುತ್ತೇನೆಂದು ಕಾದರೆ ಗಾಜಿನ ಮೇಲೆ ಹಾಲು ಹರಿಯುತ್ತದೆ. ಕರೆದು ತಂದ ಹಸಿ ಹಾಲಾದರೆ 200–300ಕ್ಕೆ ಇಳಿಸಿ, ಕೆದಕುತ್ತ ಎರಡು ನಿಮಿಷ ಕುದಿಸಿ.

ಅರ್ಧ ಲೀಟರಾದರೆ ಇದೇ ಅಗಲದ ಪಾತ್ರೆ ಬೇಡ. ಹಾಲು ತಳದಲ್ಲಿ ಎರಡು ಸೆಂಟಿಮೀಟರ್ ಮಾತ್ರ ನಿಂತು ಅಂಚಿನಲ್ಲಿ ಕೆನೆ ಒಣಗಿ ಸೀಯುತ್ತದೆ. 14 ಸೆಂಟಿಮೀಟರ್ ತಳದ ಪಾತ್ರೆ ಸಾಕು, ಶಕ್ತಿ ಮೊದಲಿಂದಲೂ 600. 12 ಸೆಂಟಿಮೀಟರಿಗಿಂತ ಸಣ್ಣ ತಳವನ್ನು ಹಲವು ಒಲೆಗಳು ಪಾತ್ರೆಯೇ ಇಲ್ಲವೆಂದು ತಿಳಿದು ಕೂಗಿಕೊಳ್ಳುತ್ತವೆ.

ಹಾಲಿನ ಚಿತ್ರವಿರುವ ಗುಂಡಿಯನ್ನು ನೆಚ್ಚಬೇಡಿ. ನೀವು ಅರ್ಧ ಲೀಟರ್ ಇಟ್ಟಿದ್ದೀರೋ ಎರಡು ಲೀಟರೋ ಒಲೆಗೆ ತಿಳಿಯುವುದಿಲ್ಲ. ಡಿಗ್ರಿಯಲ್ಲಿ ಇಡುವ ವಿಧಾನವೂ ಹಾಗೆಯೇ: ಉಷ್ಣತೆ ಅಳೆಯುವ ಸೆನ್ಸರ್ ಗಾಜಿನ ಅಡಿಯಲ್ಲಿ, ಸುರುಳಿಯ ನಡುವೆ ಇದೆ. ಅದು ಅಳೆಯುವುದು ಗಾಜನ್ನು, ಹಾಲನ್ನಲ್ಲ. ಅಲ್ಲದೆ ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಮೇಲಿದೆ, ಹಾಸನವೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಇಲ್ಲಿ ನೀರು 96–97 ಡಿಗ್ರಿಯಲ್ಲೇ ಕುದಿಯುತ್ತದೆ. 100 ಎಂಬ ಅಂಕಿಗೆ ಇಲ್ಲಿಯ ಹಾಲಿನ ಮಟ್ಟಿಗೆ ಅರ್ಥವೇ ಇಲ್ಲ.

ಹೊಸ ಪಾತ್ರೆ ಕೊಳ್ಳುವ ಮನಸ್ಸಿಲ್ಲದಿದ್ದರೆ ದಾರಿಯಿದೆ. ಅಯಸ್ಕಾಂತ ಹಿಡಿಯುವ ಅಗಲ ಪಾತ್ರೆಯಲ್ಲಿ ಮೂರು ಬೆರಳು ನೀರಿಟ್ಟು, ಅದರೊಳಗೆ ನಿಮ್ಮ ಹಳೆಯ ಹಾಲಿನ ಪಾತ್ರೆ ಇಡಿ. ನೀರು ಮರಳುವವರೆಗೆ 1200, ಆಮೇಲೆ 600. ತಳಕ್ಕೆ ನೀರಿನ ಬಿಸಿಗಿಂತ ಹೆಚ್ಚು ತಗಲುವುದೇ ಇಲ್ಲ, ಆದ್ದರಿಂದ ಸೀಯುವುದಿಲ್ಲ; ಹಿತ್ತಾಳೆ ಪಾತ್ರೆಯೂ ಆಗುತ್ತದೆ. ಸಮಯ ಹೆಚ್ಚು ಹಿಡಿಯುತ್ತದೆ, ಹಾಲು ಬಿಸಿಯಾಗುತ್ತದೆಯೇ ಹೊರತು ಪೂರ್ತಿ ಕುದಿಯದು. ಹಾಗಾಗಿ ಇದು ಪ್ಯಾಕೆಟ್ ಹಾಲಿಗೆ ಸರಿ, ಹಸಿ ಹಾಲಿಗೆ ಬೇಡ.

ಹುಳಿಯದೂ ಇದೇ ಕಥೆ, ಯಾಕೆಂದರೆ ತೊಗರಿಬೇಳೆಯ ಗಟ್ಟಿ ಹುಳಿ ತಳದಲ್ಲಿ ಚಲಿಸುವುದಿಲ್ಲ. ಬೇಯಿಸಿದ ಬೇಳೆ, ತರಕಾರಿ, ರುಬ್ಬಿದ ಮಸಾಲೆ ಕೂಡಿದ ಮೇಲೆ 1000ದಲ್ಲಿ ಕೆದಕುತ್ತ ಒಂದು ಕುದಿ ಬರಿಸಿ, ಸ್ಯಾಂಡ್‌ವಿಚ್ ತಳದ ಪಾತ್ರೆಯಲ್ಲಿ 300–400ಕ್ಕೆ ಇಳಿಸಿ ಹತ್ತು ನಿಮಿಷ, ಮುಚ್ಚಳ ಅರೆತೆರೆದು. ತಿಳಿಸಾರಿಗೆ ಇಷ್ಟು ಎಚ್ಚರ ಬೇಡ; ತೆಳು ಪಾತ್ರೆಯಲ್ಲೂ ನಡೆಯುತ್ತದೆ.

ಕರಿಯುವುದರಲ್ಲಿ ಅಪಾಯ ಬೇರೆ ಥರದ್ದು. ಎಣ್ಣೆ ನೀರಿಗಿಂತ ಬಹಳ ಬೇಗ ಕಾಯುತ್ತದೆ: ಅರ್ಧ ಲೀಟರ್ ಎಣ್ಣೆ 1000 ವ್ಯಾಟ್‌ನಲ್ಲಿ ಮೂರು-ನಾಲ್ಕು ನಿಮಿಷದಲ್ಲೇ ಕರಿಯುವ ಬಿಸಿಗೆ, ಅಂದರೆ 175 ಡಿಗ್ರಿಯ ಹತ್ತಿರಕ್ಕೆ ಬರುತ್ತದೆ. 2000ಕ್ಕೆ ಇಟ್ಟು ಹಪ್ಪಳ ತರಲು ಹೋದರೆ ಬರುವಷ್ಟರಲ್ಲಿ ಹೊಗೆ. ಚಪ್ಪಟೆ ತಳದ ಬೀಡಿನ ಬಾಣಲೆ ಎಲ್ಲಕ್ಕಿಂತ ಒಳ್ಳೆಯದು, ಹಪ್ಪಳ ಹಾಕಿದಾಗ ಎಣ್ಣೆ ಥಟ್ಟನೆ ತಣಿಯುವುದಿಲ್ಲ. ಆದರೆ ಬೀಡನ್ನು ತಣ್ಣಗಿರುವಾಗ ಒಮ್ಮೆಲೇ ಹೆಚ್ಚಿನ ಶಕ್ತಿಗೆ ಇಟ್ಟರೆ ಬಳೆಯ ಜಾಗ ಹಿಗ್ಗಿ ಸುತ್ತಲಿನದು ಹಿಗ್ಗದೆ ಬಿರುಕು ಬಿಡಬಹುದು. ಎಣ್ಣೆ ಸುರಿದು 600ರಲ್ಲಿ ನಾಲ್ಕು ನಿಮಿಷ, ಆಮೇಲೆ 1000. ಹಪ್ಪಳದ ಚೂರು ಹಾಕಿ ನೋಡಿ. ಕೂಡಲೇ ಮೇಲೆದ್ದು ಅರಳಿದರೆ ಸರಿ, ಕಂದಾದರೆ ಹೆಚ್ಚಾಯಿತು. ಹಲಸಿನ ಹಪ್ಪಳ ಬೇಗ ಕಪ್ಪಾಗುವುದರಿಂದ ಅದಕ್ಕೆ 800ಕ್ಕೆ ಇಳಿಸಿಕೊಳ್ಳಿ. ಬೋಂಡ ಹಾಕುವಾಗ ಹಿಟ್ಟು ಬಿದ್ದೊಡನೆ ಎಣ್ಣೆ ತಣಿಯುವುದರಿಂದ 1200ಕ್ಕೆ ಏರಿಸಿ, ತೆಗೆಯುವ ಮೊದಲು ಇಳಿಸಿ.

ದುಂಡು ತಳದ ಬಾಣಲೆಯನ್ನೂ ಡೊಂಕಾದ ತವೆಯನ್ನೂ ಎಣ್ಣೆಗೆ ಬಳಸಲೇಬೇಡಿ. ತಳ ಗಾಜಿಗೆ ಕೂರದಿದ್ದರೆ ಗಾಜಿನಡಿಯ ಸೆನ್ಸರಿಗೆ ಎಣ್ಣೆಯ ನಿಜವಾದ ಬಿಸಿ ಮುಟ್ಟುವುದಿಲ್ಲ. ಎಣ್ಣೆ ಹೊತ್ತಿಕೊಳ್ಳುವ ಬಿಸಿಗೆ ಬಂದಿದ್ದರೂ ಒಲೆ ತಾನಾಗಿ ಆರದೆ ಹೋಗಬಹುದು.