ಮಾರಾಟವಾಗದ 80 ಪೆಟ್ಟಿಗೆಗಳ ಬೆಲೆ ಎಷ್ಟು?

ಚನ್ನಪಟ್ಟಣದ ಒಬ್ಬ ಬೊಂಬೆ ತಯಾರಕರು ದೆಹಲಿಯ ಏಜೆಂಟರಿಗೆ 500 ಪೆಟ್ಟಿಗೆ ಮರದ ಬೊಂಬೆ ಕಳಿಸಿದ್ದಾರೆ ಎಂದಿಟ್ಟುಕೊಳ್ಳಿ. ಒಂದು ಪೆಟ್ಟಿಗೆ ಮಾಡಲು ಬಿದ್ದ ಖರ್ಚು 600 ರೂಪಾಯಿ, ಅಂದರೆ ಒಟ್ಟು 3,00,000. ಪ್ಯಾಕಿಂಗ್, ಲಾರಿ ಬಾಡಿಗೆ, ದಾರಿಯ ವಿಮೆ ಸೇರಿ ಇನ್ನೊಂದು 20,000. ಮಾರ್ಚ್ ಕೊನೆಗೆ ಏಜೆಂಟರಿಂದ ಲೆಕ್ಕವೂ ಹಣವೂ ಬಂದವು: 3,08,200 ರೂಪಾಯಿ. ಕೈಯಿಂದ ಹೋದದ್ದು 3,20,000, ಕೈಗೆ ಬಂದದ್ದು 3,08,200. ಬ್ಯಾಂಕ್ ಪಾಸ್‌ಬುಕ್ ನೋಡಿದವರು 11,800 ರೂಪಾಯಿ ನಷ್ಟ ಎನ್ನುತ್ತಾರೆ. ನಿಜಕ್ಕೂ ಈ ವ್ಯವಹಾರದಲ್ಲಿ ಬಂದಿರುವುದು 53,000 ರೂಪಾಯಿ ಲಾಭ.

ಈ ಅಂತರ ಎಲ್ಲಿಂದ ಬಂತು ಎಂಬುದು ತಿಳಿಯಬೇಕಾದರೆ ಮೊದಲು ಸರಕು ಯಾರದು ಎಂದು ಕೇಳಬೇಕು. ಕನ್‌ಸೈನ್‌ಮೆಂಟ್ ಮೇಲೆ ಕಳಿಸಿದ ಸರಕು ಏಜೆಂಟರ ಗೋದಾಮಿನಲ್ಲಿದ್ದರೂ ಅದರ ಮಾಲೀಕರು ಕಳಿಸಿದವರೇ. ಏಜೆಂಟರು ಅದನ್ನು ಕೊಂಡಿಲ್ಲ, ಮಾರಿಕೊಡಲು ಒಪ್ಪಿದ್ದಾರೆ ಅಷ್ಟೇ. ಮಾರಾಟವಾಗದೆ ಉಳಿದರೆ ವಾಪಸು ಬರುತ್ತದೆ, ಏಜೆಂಟರ ತಪ್ಪಿಲ್ಲದೆ ಸುಟ್ಟುಹೋದರೆ ನಷ್ಟ ಕಳಿಸಿದವರಿಗೆ. ಹಾಗಾಗಿ ಲಾರಿ ಹೊರಟ ದಿನ ಕಳಿಸಿದವರ ಪುಸ್ತಕದಲ್ಲಿ ಮಾರಾಟ ಬರೆಯುವಂತಿಲ್ಲ, ಲಾರಿ ತಲುಪಿದ ದಿನ ಏಜೆಂಟರ ಪುಸ್ತಕದಲ್ಲಿ ಖರೀದಿ ಬರೆಯುವಂತಿಲ್ಲ. ಏಜೆಂಟರು ಸ್ಟಾಕ್ ರಿಜಿಸ್ಟರ್‌ನಲ್ಲಿ ಪೆಟ್ಟಿಗೆಗಳ ಸಂಖ್ಯೆ ಗುರುತು ಹಾಕಿಕೊಂಡರೆ ಸಾಕು. ಹೊಸ ಗುಮಾಸ್ತರು ಹೆಚ್ಚಾಗಿ ಎಡವುವುದು ಇಲ್ಲೇ. ಸರಕಿನ ಜೊತೆಗೆ, ಅದರ ವಿವರ ಮತ್ತು ಬೆಲೆ ತಿಳಿಸಲೆಂದಷ್ಟೇ ಬಂದ ಪ್ರೊ ಫಾರ್ಮಾ ಇನ್‌ವಾಯ್ಸನ್ನು ಖರೀದಿ ಬಿಲ್ಲೆಂದು ತಿಳಿದು ಪುಸ್ತಕಕ್ಕೆ ಏರಿಸಿಬಿಡುತ್ತಾರೆ.

ಕಳಿಸಿದವರು ಈ ರವಾನೆಗೆಂದೇ ಒಂದು ಪ್ರತ್ಯೇಕ ಖಾತೆ ತೆರೆಯುತ್ತಾರೆ. ದೆಹಲಿಗೊಂದು, ಹೈದರಾಬಾದಿಗೆ ಕಳಿಸಿದರೆ ಅದಕ್ಕೊಂದು. ಯಾವ ಊರಿನಲ್ಲಿ ಲಾಭ, ಯಾವ ಊರಿನಲ್ಲಿ ನಷ್ಟ ಎಂದು ಬೇರೆಬೇರೆ ತಿಳಿಯುವುದೇ ಇದರ ಉದ್ದೇಶ. ಆ ಖಾತೆ ತುಂಬಲು ಬೇಕಾದ ಮಾಹಿತಿ ಏಜೆಂಟರು ಕಳಿಸುವ ಮಾರಾಟ ಪಟ್ಟಿಯಲ್ಲಿರುತ್ತದೆ. ಕಾಮರ್ಸ್ ಓದಿದವರು ಇದನ್ನೇ ಅಕೌಂಟ್ ಸೇಲ್ಸ್ ಎನ್ನುತ್ತಾರೆ.

ನಮ್ಮ ಉದಾಹರಣೆಯ ಪಟ್ಟಿಯಲ್ಲಿ ಹೀಗಿದೆ: ದಾರಿಯಲ್ಲಿ ಮಳೆನೀರು ನುಗ್ಗಿ 20 ಪೆಟ್ಟಿಗೆ ಪೂರ್ತಿ ಹಾಳಾಗಿವೆ, ಕೈಗೆ ಸಿಕ್ಕಿದ್ದು 480. ಇಳಿಸಲು ಹಮಾಲಿ ಮತ್ತು ಗೋದಾಮಿನವರೆಗೆ ಟೆಂಪೊ ಬಾಡಿಗೆ 4,800. ಗೋದಾಮಿನ ಬಾಡಿಗೆ 6,000, ಜಾಹೀರಾತು 5,000. ತಲಾ 900 ರೂಪಾಯಿಯಂತೆ 400 ಪೆಟ್ಟಿಗೆ ಮಾರಾಟ, ಒಟ್ಟು 3,60,000. ಇದರ ಮೇಲೆ ಕಮಿಷನ್ ಶೇ 8, ಸಾಲದ ಹೊಣೆ ಹೊತ್ತದ್ದಕ್ಕೆ ಇನ್ನೂ ಶೇ 2, ಒಟ್ಟು 36,000. ಉಳಿದದ್ದು 80 ಪೆಟ್ಟಿಗೆ. ಮಾರಾಟದ ಹಣದಿಂದ 4,800, 11,000, 36,000 ಕಳೆದರೆ ಏಜೆಂಟರು ಕೊಡಬೇಕಾದದ್ದು 3,08,200. ಲೆಕ್ಕ ಸುಲಭವಾಗಲೆಂದು ಜಿಎಸ್‌ಟಿಯನ್ನು ಈ ಅಂಕಿಗಳಿಂದ ಹೊರಗಿಟ್ಟಿದ್ದೇವೆ.

ಈಗ ಇಡೀ ಲೆಕ್ಕ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ. ಉಳಿದ 80 ಪೆಟ್ಟಿಗೆಗೆ ಎಷ್ಟು ಬೆಲೆ ಕಟ್ಟಬೇಕು? 600 ಎಂದರೆ ಕಡಿಮೆಯಾಯಿತು, ಏಕೆಂದರೆ ಆ ಪೆಟ್ಟಿಗೆ ಈಗ ಚನ್ನಪಟ್ಟಣದಲ್ಲಿಲ್ಲ, ದೆಹಲಿಯಲ್ಲಿದೆ. ಅಲ್ಲಿಗೆ ತಲುಪಿಸಲು ಖರ್ಚಾಗಿದೆ. 900 ಎನ್ನುವಂತಿಲ್ಲ, ಇನ್ನೂ ಮಾರಿಲ್ಲ. ಉತ್ತರ ಇವೆರಡರ ನಡುವೆ ಇದೆ: ಸರಕು ಈಗಿರುವ ಜಾಗಕ್ಕೆ, ಈಗಿರುವ ಸ್ಥಿತಿಗೆ ಬರುವವರೆಗೆ ಏನೇನು ಖರ್ಚಾಯಿತೋ ಅಷ್ಟನ್ನೂ ಸೇರಿಸಬೇಕು, ಆಮೇಲಿನದನ್ನು ಸೇರಿಸಬಾರದು. ಗೋದಾಮಿನ ಬಾಗಿಲನ್ನೇ ಗೆರೆ ಎಂದುಕೊಳ್ಳಬಹುದು. ಪ್ಯಾಕಿಂಗ್, ಲಾರಿ, ವಿಮೆ, ಹಮಾಲಿ, ಟೆಂಪೊ ಇವೆಲ್ಲ ಬಾಗಿಲಿನ ಹೊರಗಿನವು, ಬೆಲೆಗೆ ಸೇರುತ್ತವೆ. ಗೋದಾಮಿನ ಬಾಡಿಗೆ, ಜಾಹೀರಾತು, ಕಮಿಷನ್ ಇವು ಒಳಗೆ ಬಂದ ಮೇಲಿನವು. ಸರಕನ್ನು ಇಟ್ಟುಕೊಳ್ಳಲು ಮತ್ತು ಮಾರಲು ಆದ ಖರ್ಚು ಆಯಾ ವರ್ಷದ ಲಾಭದಿಂದಲೇ ಹೋಗಬೇಕು. ಖರ್ಚನ್ನು ಯಾರು ಕೊಟ್ಟರು ಎಂಬುದು ಇಲ್ಲಿ ಮುಖ್ಯವಲ್ಲ. ಹಮಾಲಿಯನ್ನು ಏಜೆಂಟರೇ ಕೊಟ್ಟಿದ್ದರೂ ಅದು ಬೆಲೆಗೆ ಸೇರುತ್ತದೆ.

ಹೀಗೆ ಲೆಕ್ಕ ಹಾಕಿದರೆ ಲಾರಿಯಲ್ಲಿದ್ದಾಗ ಒಂದು ಪೆಟ್ಟಿಗೆಯ ಬೆಲೆ 600ಕ್ಕೆ 40 ಸೇರಿ 640, ಏಕೆಂದರೆ 20,000 ರೂಪಾಯಿಯನ್ನು 500 ಪೆಟ್ಟಿಗೆಗೆ ಹಂಚುತ್ತೇವೆ. ಹಮಾಲಿ, ಟೆಂಪೊದ 4,800 ರೂಪಾಯಿಯನ್ನು ಮಾತ್ರ 480 ಪೆಟ್ಟಿಗೆಗೆ ಹಂಚಬೇಕು, ಹಾಳಾದ 20 ಪೆಟ್ಟಿಗೆ ಗೋದಾಮಿಗೆ ಹೋಗಲೇ ಇಲ್ಲ. ಅಲ್ಲಿಗೆ ತಲಾ 10 ಸೇರಿ 650. ಉಳಿದ 80 ಪೆಟ್ಟಿಗೆಯ ಬೆಲೆ 52,000. ಹಾಳಾದ 20ಕ್ಕೆ 640ರಂತೆ 12,800. ಒಂದೇ ರವಾನೆಯೊಳಗೆ ಹೀಗೆ ಎರಡು ದರ ಬರುವುದು ಪರೀಕ್ಷೆಯಲ್ಲೂ ಅಂಗಡಿಯಲ್ಲೂ ಬಹಳ ಜನ ಮರೆಯುವ ಸಂಗತಿ.

ಖಾತೆ ಈಗ ಹೀಗೆ ಕಾಣುತ್ತದೆ.

| ಡೆಬಿಟ್ | ರೂ. | ಕ್ರೆಡಿಟ್ | ರೂ. |
|---|---|---|---|
| ಕಳಿಸಿದ ಸರಕು | 3,00,000 | ಮಾರಾಟ | 3,60,000 |
| ಕಳಿಸಿದವರ ಖರ್ಚು | 20,000 | ಮಳೆಯಿಂದಾದ ನಷ್ಟ | 12,800 |
| ಏಜೆಂಟರ ಖರ್ಚು | 15,800 | ಉಳಿದ ದಾಸ್ತಾನು | 52,000 |
| ಕಮಿಷನ್ | 36,000 | | |
| ಲಾಭ | 53,000 | | |
| ಒಟ್ಟು | 4,24,800 | ಒಟ್ಟು | 4,24,800 |

ಇದು ಸರಿಯೇ ಎಂದು ನೋಡಲು ಅಡ್ಡದಾರಿಯೊಂದಿದೆ. ಮಾರಿದ ಪ್ರತಿ ಪೆಟ್ಟಿಗೆಯಲ್ಲಿ ಉಳಿದದ್ದು 900 ಕಳೆ 650, ಅಂದರೆ 250. 400 ಪೆಟ್ಟಿಗೆಗೆ 1,00,000. ಅದರಲ್ಲಿ ಮಾರಾಟದ ಖರ್ಚು 11,000 ಮತ್ತು ಕಮಿಷನ್ 36,000 ಕಳೆದರೆ 53,000. ಎರಡೂ ದಾರಿ ಒಂದೇ ಕಡೆ ಮುಟ್ಟದಿದ್ದರೆ ದಾಸ್ತಾನಿನ ಬೆಲೆಯಲ್ಲೋ ನಷ್ಟದ ಬೆಲೆಯಲ್ಲೋ ತಪ್ಪಿದೆ ಎಂದೇ ಅರ್ಥ.

ಮಳೆಯ ನಷ್ಟವನ್ನು ಕ್ರೆಡಿಟ್ ಬದಿಗೆ ಬರೆದದ್ದು ವಿಚಿತ್ರವಾಗಿ ಕಾಣಬಹುದು. ಅದು ಆದಾಯವಲ್ಲ. ದೆಹಲಿಯ ವ್ಯಾಪಾರ ಹೇಗಿತ್ತು ಎಂಬ ಲೆಕ್ಕದಿಂದ ಅಪಘಾತವನ್ನು ಹೊರಗೆ ತೆಗೆಯುತ್ತಿದ್ದೇವೆ. ವಿಮಾ ಕಂಪನಿ 10,000 ಕೊಟ್ಟರೆ ಮಿಕ್ಕ 2,800 ನೇರವಾಗಿ ಲಾಭ-ನಷ್ಟ ಖಾತೆಗೆ ಹೋಗುತ್ತದೆ. ಸರಕಿನ ಗುಣದಿಂದಲೇ ಆಗುವ ನಷ್ಟದ ರೀತಿ ಬೇರೆ. 1,000 ಕಿಲೊ ಬೆಲ್ಲ ಕಳಿಸಿದರೆ ದಾರಿಯಲ್ಲಿ ಒಣಗಿ, ಪುಡಿಯಾಗಿ 20 ಕಿಲೊ ಕಡಿಮೆಯಾಗುವುದು ಎಲ್ಲರಿಗೂ ಗೊತ್ತಿರುವ ವಿಷಯ ಎಂದಿಟ್ಟುಕೊಳ್ಳಿ. ಆ ನಷ್ಟಕ್ಕೆ ಬೇರೆ ನಮೂದಿಲ್ಲ, ಒಳ್ಳೆಯ ಬೆಲ್ಲವೇ ಅದನ್ನು ಹೊರುತ್ತದೆ. ತಲುಪಿಸುವವರೆಗಿನ ಒಟ್ಟು ವೆಚ್ಚ 49,000 ಆಗಿದ್ದರೆ ಅದನ್ನು 1,000ದಿಂದ ಅಲ್ಲ, 980ರಿಂದ ಭಾಗಿಸಿ ಕಿಲೊಗೆ 50 ಎನ್ನುತ್ತೇವೆ. ಉಳಿದ 180 ಕಿಲೊಗೆ 9,000. ಯಾವುದು ಸಹಜ ನಷ್ಟ, ಯಾವುದು ಅಲ್ಲ ಎಂಬ ತೀರ್ಮಾನಕ್ಕೆ ಹಿಂದಿನ ರವಾನೆಗಳ ತೂಕದ ಚೀಟಿಗಳನ್ನು ಇಟ್ಟುಕೊಂಡಿರಬೇಕು. ಯಾವಾಗಲೂ ಶೇ 2 ಕಡಿಮೆಯಾಗುವ ಬೆಲ್ಲ ಈ ಸಲ ಶೇ 6 ಕಡಿಮೆಯಾಗಿದ್ದರೆ ಮೇಲಿನ ಶೇ 4ಕ್ಕೆ ಏಜೆಂಟರಿಂದ ವಿವರಣೆ ಕೇಳಬೇಕಾಗುತ್ತದೆ.

ಕಮಿಷನ್ ವಿಷಯದಲ್ಲಿ ಆಗುವ ತಪ್ಪು ಕಣ್ಣಿಗೆ ಬೀಳುವುದಿಲ್ಲ. 36,000ವನ್ನು 480 ಪೆಟ್ಟಿಗೆಗೂ ಹಂಚಿದರೆ ತಲಾ 75 ಆಗಿ, ದಾಸ್ತಾನಿನ ಬೆಲೆ 6,000 ಹೆಚ್ಚುತ್ತದೆ, ಲಾಭ 59,000 ಆಗಿಬಿಡುತ್ತದೆ. ಆದರೆ ಮಾರಾಟವಾಗದ ಪೆಟ್ಟಿಗೆಗೆ ಏಜೆಂಟರು ಒಂದು ಪೈಸೆ ಕಮಿಷನನ್ನೂ ಪಡೆದಿಲ್ಲ. ಆ 80 ಪೆಟ್ಟಿಗೆ ಮಾರಾಟವಾದಾಗ ಅವುಗಳ ಕಮಿಷನ್ ಬೇರೆಯೇ ಬರುತ್ತದೆ, ಆಗ ಲಾಭ ಇದ್ದಕ್ಕಿದ್ದಂತೆ ಕುಸಿದಂತೆ ಕಾಣುತ್ತದೆ. ಲಾರಿ ಬಾಡಿಗೆ ಮತ್ತು ಹಮಾಲಿ ಮರೆತು 600ರಂತೆ ಬೆಲೆ ಕಟ್ಟಿದರೆ ಉಲ್ಟಾ ಆಗುತ್ತದೆ, ಈ ವರ್ಷ 4,000 ಕಡಿಮೆ, ಮುಂದಿನ ವರ್ಷ ಅಷ್ಟೇ ಹೆಚ್ಚು. ದಾಸ್ತಾನಿನ ತಪ್ಪು ಎರಡು ವರ್ಷ ಸೇರಿದಾಗ ತಾನೇ ಸರಿಹೋಗುತ್ತದೆ ಎಂಬುದು ನಿಜ. ಅದಕ್ಕೇ ಅದು ಬಹಳ ಕಾಲ ಸಿಕ್ಕಿಬೀಳುವುದಿಲ್ಲ.

ಆ ಹೆಚ್ಚುವರಿ ಶೇ 2 ಕಮಿಷನ್‌ಗೆ ಡೆಲ್ ಕ್ರೆಡೆರೆ ಎಂದು ಹೆಸರು. ಏಜೆಂಟರು ಸಾಲಕ್ಕೆ ಮಾರಿದ ಗಿರಾಕಿ ಹಣ ಕೊಡದಿದ್ದರೆ ನಷ್ಟ ಏಜೆಂಟರದು. ಒಬ್ಬ ಗಿರಾಕಿ 6,000 ಮುಳುಗಿಸಿದ ಎಂದುಕೊಳ್ಳಿ. ನಮ್ಮ ಖಾತೆಯಲ್ಲಿ ಒಂದಂಕಿಯೂ ಬದಲಾಗುವುದಿಲ್ಲ. ಈ ಒಪ್ಪಂದ ಇಲ್ಲದಿದ್ದರೆ 7,200 ಕಮಿಷನ್ ಉಳಿಯುತ್ತಿತ್ತು, 6,000 ಮುಳುಗುತ್ತಿತ್ತು. ಒಟ್ಟು ಮಾರಾಟದ ಮೇಲೆ ಈ ಕಮಿಷನ್ ಕೊಡುವುದು ವಾಡಿಕೆ, ನಗದಿಗೆ ಮಾರಿದ್ದಕ್ಕೂ ಕೊಟ್ಟಂತಾಗುತ್ತದೆ. ಮಾರಾಟದ ಬಹುಪಾಲು ನಗದು ಎಂದಾದರೆ ಸಾಲದ ಮಾರಾಟಕ್ಕೆ ಮಾತ್ರ ಅನ್ವಯ ಎಂದು ಕರಾರಿನಲ್ಲಿ ಬರೆಸಿಕೊಳ್ಳುವುದು ಜಾಣತನ.

650 ಎಂಬ ಬೆಲೆಗೂ ಒಂದು ಮಿತಿ ಇದೆ. ಹಬ್ಬದ ಕಾಲ ಮುಗಿದು ಆ 80 ಪೆಟ್ಟಿಗೆಗೆ ಇನ್ನು 700ಕ್ಕಿಂತ ಹೆಚ್ಚು ಸಿಗದು ಎಂದಾದರೆ, ಅದರಲ್ಲಿ ಶೇ 10 ಕಮಿಷನ್ 70, ಮಾರಾಟದ ಖರ್ಚು ತಲಾ 20 ಹೋಗಿ ಕೈಗೆ ಬರುವುದು 610. ವೆಚ್ಚಕ್ಕಿಂತ ಇದು ಕಡಿಮೆ, ಆದ್ದರಿಂದ 610ರಂತೆಯೇ ಬೆಲೆ ಕಟ್ಟಬೇಕು. ದಾಸ್ತಾನು 48,800ಕ್ಕೆ ಇಳಿಯುತ್ತದೆ, ಲಾಭ 49,800. 700 ದೊಡ್ಡದು, 650 ಚಿಕ್ಕದು ಎಂದು ಸುಮ್ಮನಾದವರು ಕಮಿಷನ್ ಕಳೆಯಲು ಮರೆತಿರುತ್ತಾರೆ.

ಕೆಲವರು ಏಜೆಂಟರಿಗೆ ತಮ್ಮ ಅಸಲು ತಿಳಿಯಬಾರದೆಂದು 600ರ ಪೆಟ್ಟಿಗೆಯನ್ನು ಶೇ 25 ಏರಿಸಿ 750 ಎಂದು ಪ್ರೊ ಫಾರ್ಮಾದಲ್ಲಿ ತೋರಿಸುತ್ತಾರೆ. ಆಗ ದಾಸ್ತಾನಿನಲ್ಲಿ ಸೇರಿಕೊಂಡ ಆ ಹೆಚ್ಚುವರಿಯನ್ನು ಕೊನೆಗೆ ತೆಗೆಯಬೇಕು. ಅಸಲಿನ ಮೇಲೆ ಶೇ 25 ಎಂದರೆ ಇನ್‌ವಾಯ್ಸ್ ಬೆಲೆಯ ಶೇ 20. 80 ಪೆಟ್ಟಿಗೆಯ ಇನ್‌ವಾಯ್ಸ್ ಬೆಲೆ 60,000, ತೆಗೆಯಬೇಕಾದದ್ದು 12,000. ಶೇ 25 ಎಂದೇ ಹಿಡಿದು 15,000 ತೆಗೆದವರ ಲಾಭ 3,000 ಕಡಿಮೆ ಬರುತ್ತದೆ. ಖರ್ಚಿನ ತಲಾ 50 ರೂಪಾಯಿಯಲ್ಲಿ ಏನೂ ಏರಿಸಿರಲಿಲ್ಲ, ಅದನ್ನು ಮುಟ್ಟಬಾರದು.

ಜಿಎಸ್‌ಟಿ ಈ ಚಿತ್ರವನ್ನು ಸ್ವಲ್ಪ ಗೋಜಲು ಮಾಡುತ್ತದೆ. ಏಜೆಂಟರು ತಮ್ಮ ಹೆಸರಿನಲ್ಲೇ ಗಿರಾಕಿಗೆ ಬಿಲ್ಲು ಕೊಡುವವರಾದರೆ, ಅವರಿಗೆ ಸರಕು ಕಳಿಸುವುದನ್ನೇ ಕಾನೂನು ಪೂರೈಕೆ ಎಂದು ಎಣಿಸುತ್ತದೆ. ಕಳಿಸುವಾಗಲೇ 500 ಪೆಟ್ಟಿಗೆಗೂ ತೆರಿಗೆ ಬಿಲ್ಲು ಹಾಕಬೇಕು. ಹೀಗಾಗಿ ರಿಟರ್ನ್‌ನಲ್ಲಿ ಕಾಣುವ ವಹಿವಾಟು ಒಂದು, ಲಾಭ-ನಷ್ಟ ಖಾತೆಯ ಮಾರಾಟ ಇನ್ನೊಂದು. ಎರಡನ್ನೂ ಹೊಂದಿಸುವ ಪಟ್ಟಿಯನ್ನು ಮಾರ್ಚ್‌ನಲ್ಲೇ ಮಾಡಿಟ್ಟುಕೊಳ್ಳಬೇಕು.

ಆ ಪಟ್ಟಿ ರೂಪಾಯಿಯಿಂದಲ್ಲ, ಸಂಖ್ಯೆಯಿಂದ ಶುರುವಾಗಲಿ. ಕಳಿಸಿದ್ದು 500. ಹಾಳಾದದ್ದು 20, ಮಾರಿದ್ದು 400, ಉಳಿದದ್ದು 80. ಮಾರ್ಚ್ 31ರಂದು ಗೋದಾಮಿನಲ್ಲಿ ಎಣಿಸಿದ ಸಂಖ್ಯೆಯನ್ನು ಏಜೆಂಟರಿಂದ ಸಹಿ ಸಮೇತ ಬರೆಸಿಕೊಳ್ಳಬೇಕು. ಅದರಲ್ಲಿ 76 ಎಂದಿದ್ದರೆ ಮಿಕ್ಕ 4 ಪೆಟ್ಟಿಗೆ ಮಾರಾಟವಾಗಿಯೂ ಪಟ್ಟಿಗೆ ಬಂದಿಲ್ಲವೋ, ಕಳೆದುಹೋದವೋ ಎಂದು ಕೇಳಿ ಉತ್ತರ ಪಡೆಯುವವರೆಗೆ 52,000 ಎಂಬ ಅಂಕಿಯನ್ನು ಪುಸ್ತಕಕ್ಕೆ ಏರಿಸುವಂತಿಲ್ಲ.