ಕೂದಲಂಚಿನ ಬಿಳಿ ಗೆರೆ

ವ್ಯಕ್ತಿಯೊಬ್ಬರ ಚಿತ್ರವನ್ನು ಕತ್ತರಿಸಿ ಬೇರೊಂದು ಫೋಟೋದಲ್ಲಿ ಕೂರಿಸಿದಾಗ ಹಾರಾಡುವ ಕೂದಲಿನ ಸುತ್ತ ಬೆಳ್ಳನೆಯ ಗೆರೆ ಉಳಿದುಕೊಂಡರೆ, ಕತ್ತರಿಸಿದ್ದು ಸರಿಯಾಗಲಿಲ್ಲವೆಂದು ಬಹುಮಂದಿ ಭಾವಿಸುತ್ತಾರೆ. ಎಷ್ಟು ನಾಜೂಕಾಗಿ ಕತ್ತರಿಸಿದರೂ ಆ ಗೆರೆ ಹೋಗದಿರಬಹುದು. ಎಳೆಗೂದಲು ಒಂದು ಪಿಕ್ಸೆಲ್‌ಗಿಂತ ತೆಳ್ಳಗಿದ್ದರೆ, ಕೂದಲಿನ ಬಣ್ಣವೂ ಹಿಂದಿನ ಗೋಡೆಯ ಬಣ್ಣವೂ ಫೋಟೋ ತೆಗೆದ ಕ್ಷಣದಲ್ಲೇ ಆ ಪಿಕ್ಸೆಲ್‌ನೊಳಗೆ ಬೆರೆತುಹೋಗಿರುತ್ತವೆ.

ಒಂದು ಪಿಕ್ಸೆಲ್ಲನ್ನೇ ನೋಡೋಣ. ಫೋಟೋಶಾಪ್‌ನಲ್ಲಿ ಹೊಳಪನ್ನು 0ಯಿಂದ 255ರವರೆಗೆ ಅಳೆಯುತ್ತಾರೆ. ಕಪ್ಪು ಕೂದಲು 30, ತಿಳಿ ಗೋಡೆ 210, ಅಂಚಿನ ಪಿಕ್ಸೆಲ್ 120 ಎಂದಿಟ್ಟುಕೊಂಡರೆ, 120 ಎಂಬುದು ಎರಡರ ನಟ್ಟನಡುವೆ ಇರುವುದರಿಂದ ಆ ಪಿಕ್ಸೆಲ್‌ನ ಅರ್ಧಭಾಗವನ್ನು ಕೂದಲು ಆವರಿಸಿದೆ ಎಂದಾಯಿತು. ಈ ಪಾಲಿಗೆ ಆಲ್ಫಾ ಎಂದು ಹೆಸರು. ಆಲ್ಫಾ ಬಳಸಿ ಚಿತ್ರಗಳನ್ನು ಜೋಡಿಸುವ ಗಣಿತವನ್ನು ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲಿ ಕ್ರಮಬದ್ಧವಾಗಿ ನಿರೂಪಿಸಿದರು.

ಕೂದಲನ್ನು ಹಿನ್ನೆಲೆಯಿಂದ ಬೇರ್ಪಡಿಸಲು ಫೋಟೋಶಾಪ್‌ನಲ್ಲಿ ಬಳಸುವ ಚಾನೆಲ್ ವಿಧಾನ ಮಾಡುವುದೂ ಇದೇ ಲೆಕ್ಕವನ್ನು, ಮತ್ತು ಅದರ ಸೊಗಸಿರುವುದು ಅಲ್ಲಿಯೇ. ಚಾನೆಲ್ ಎಂದರೆ ಚಿತ್ರದ ಒಂದೊಂದು ಮೂಲಬಣ್ಣದ ಹೊಳಪನ್ನು ಕಪ್ಪು-ಬಿಳಿಯಲ್ಲಿ ತೋರಿಸುವ ಪದರ. ಕೆಂಪು, ಹಸಿರು, ನೀಲಿ ಚಾನೆಲ್‌ಗಳಲ್ಲಿ ಕೂದಲಿಗೂ ಹಿನ್ನೆಲೆಗೂ ಹೆಚ್ಚು ಅಂತರ ಕಾಣುವ ಒಂದನ್ನು ಆರಿಸಿ, ಮೂಲವನ್ನು ಮುಟ್ಟದೆ ಅದರ ನಕಲು ತೆಗೆದು, Ctrl+I ಒತ್ತಿ ತಿರುವುಮುರುವು ಮಾಡಬೇಕು. ಆಗ ಕೂದಲು 225, ಗೋಡೆ 45, ನಮ್ಮ ಪಿಕ್ಸೆಲ್ 135 ಆಗುತ್ತದೆ. Levels ತೆರೆದು ಕಪ್ಪು ಬಿಂದುವನ್ನು 45ಕ್ಕೂ ಬಿಳಿ ಬಿಂದುವನ್ನು 225ಕ್ಕೂ ಇಟ್ಟರೆ ಗೋಡೆ ಪೂರ್ತಿ ಕಪ್ಪಾಗಿ, ಕೂದಲು ಪೂರ್ತಿ ಬಿಳಿಯಾಗಿ, ಅಂಚಿನ ಪಿಕ್ಸೆಲ್ ಸುಮಾರು 128ಕ್ಕೆ, ಅಂದರೆ ಅರ್ಧಕ್ಕೆ ಬಂದು ನಿಲ್ಲುತ್ತದೆ. ಬಿಂದುಗಳನ್ನು ಇನ್ನೂ ಹತ್ತಿರಕ್ಕೆ ಎಳೆದರೆ ನಡುವಿನ ಬೂದು ಬಣ್ಣಗಳು ಅಳಿದು, ಕೂದಲು ತಂತಿಯಂತೆ ಒರಟಾಗುತ್ತದೆ. ಬಳಿಕ ಮುಖ ಮತ್ತು ದೇಹದ ಒಳಭಾಗಕ್ಕೆ ಬ್ರಷ್‌ನಿಂದ ಬಿಳಿ ತುಂಬಿ, ಚಾನೆಲ್‌ನ ಚಿಕ್ಕ ಚಿತ್ರದ ಮೇಲೆ Ctrl ಒತ್ತಿ ಕ್ಲಿಕ್ಕಿಸಿದರೆ ಆಯ್ಕೆ ಸಿದ್ಧ. ಅದನ್ನು ಲೇಯರ್ ಮಾಸ್ಕ್ ಮಾಡಿಕೊಳ್ಳಬೇಕು; ಮಾಸ್ಕ್ ಬಿಳಿ ಇರುವಲ್ಲಿ ಚಿತ್ರವನ್ನು ತೋರಿಸಿ, ಕಪ್ಪು ಇರುವಲ್ಲಿ ಮರೆಮಾಡುತ್ತದೆ.

ಮಾಸ್ಕ್ ಇಷ್ಟು ನಿಖರವಾಗಿದ್ದರೂ ಪಿಕ್ಸೆಲ್‌ನ ಬಣ್ಣ ಇನ್ನೂ 120 ಆಗಿಯೇ ಇದೆ. 40ರ ಹೊಳಪಿನ ಕತ್ತಲ ಹಿನ್ನೆಲೆಯಲ್ಲಿ ಇಟ್ಟಾಗ 120 ಮತ್ತು 40ರ ಸರಾಸರಿಯಾದ 80 ಕಾಣಿಸುತ್ತದೆ. ಕಾಣಬೇಕಾದದ್ದು 30 ಮತ್ತು 40ರ ಸರಾಸರಿಯಾದ 35. ನಾವು ನೋಡುವ ಬಿಳಿ ಗೆರೆ ಈ ವ್ಯತ್ಯಾಸವೇ. ಆದ್ದರಿಂದ ಮಾಸ್ಕ್ ಆದಮೇಲೆ ಅಂಚಿನ ಬಣ್ಣವನ್ನೂ ತಿದ್ದಬೇಕು: ಮೇಲೊಂದು ಲೇಯರ್ ಇಟ್ಟು, ಅದನ್ನು ಕೆಳಗಿನದಕ್ಕೆ ಕ್ಲಿಪ್ ಮಾಡಿ, ಪಕ್ಕದ ದಟ್ಟ ಕೂದಲಿನಿಂದ ಬಣ್ಣ ತೆಗೆದು ಅಂಚಿಗೆ ಬಳಿಯಬೇಕು. Select and Mask ಬಳಸುವವರಿಗೆ ಅದರಲ್ಲಿನ Decontaminate Colors ಈ ಕೆಲಸ ಮಾಡಿಕೊಡುತ್ತದೆ. ಅದು ಪಿಕ್ಸೆಲ್‌ಗಳ ಬಣ್ಣವನ್ನೇ ಬದಲಿಸುವುದರಿಂದ ಫಲಿತಾಂಶವನ್ನು ಹೊಸ ಲೇಯರ್‌ನಲ್ಲಿ ಕೊಡುತ್ತದೆ.

ಕಪ್ಪು ಕೂದಲಿನ ಹಿಂದೆ ಕಪ್ಪು ಪರದೆಯೇ ಇದ್ದರೆ ಯಾವ ಚಾನೆಲ್‌ನಲ್ಲೂ ಅಂತರ ಸಿಗುವುದಿಲ್ಲ, ಆಲ್ಫಾ ಲೆಕ್ಕ ಹಾಕಲು ಆಧಾರವೇ ಇರುವುದಿಲ್ಲ. ಅಂಥ ಕಡೆ ಅಂಚನ್ನು ತುಸು ಒಳಗೆ ಸರಿಸಿ, ತೆಳು ಬ್ರಷ್‌ನಿಂದ ಕೂದಲೆಳೆಗಳನ್ನು ಕೈಯಲ್ಲೇ ಬರೆಯಬೇಕಾಗುತ್ತದೆ.